ಕಳೆದು, ತಿರುಗಿಸಿ, ಕೂಡಿಸಿ

ಒಂಬತ್ತು ಸಂಖ್ಯೆಗಳ ಈ ಪುಟ್ಟ ಚೌಕವನ್ನು ನೋಡಿ.

```
2  1  0
1  3  1
0  1  4
```

ಇದೊಂದು ಸಮ್ಮಿತ ಮ್ಯಾಟ್ರಿಕ್ಸ್. ಎಡಗಡೆಯ ಮೇಲ್ಮೂಲೆಯಿಂದ ಬಲಗಡೆಯ ಕೆಳಮೂಲೆಗೆ ಇಳಿಯುವ 2, 3, 4 ಇದರ ಕರ್ಣ. ಆ ಕರ್ಣದ ಮೇಲೆ ಕಾಗದವನ್ನು ಮಡಚಿದರೆ ಒಂದು ಬದಿಯ ಸಂಖ್ಯೆ ಇನ್ನೊಂದು ಬದಿಯ ಅದೇ ಸಂಖ್ಯೆಯ ಮೇಲೆ ಕೂರುತ್ತದೆ. ಸಮ್ಮಿತ ಎಂದರೆ ಇಷ್ಟೇ.

ಮ್ಯಾಟ್ರಿಕ್ಸ್‌ಗೆ ಮೂರು ಸಂಖ್ಯೆ ಕೊಟ್ಟರೆ ಅದು ಬೇರೆ ಮೂರು ಸಂಖ್ಯೆ ಕೊಡುತ್ತದೆ. ಮೂರು ಸಂಖ್ಯೆಗಳನ್ನು ಒಂದು ಬಾಣ ಎಂದುಕೊಂಡರೆ, ಮ್ಯಾಟ್ರಿಕ್ಸ್ ಆ ಬಾಣವನ್ನು ಹಿಗ್ಗಿಸುತ್ತದೆ, ಜೊತೆಗೆ ಸಾಮಾನ್ಯವಾಗಿ ಅದರ ದಿಕ್ಕನ್ನೂ ಬದಲಿಸುತ್ತದೆ. ಆದರೆ ಕೆಲವು ಬಾಣಗಳ ದಿಕ್ಕು ಬದಲಾಗುವುದಿಲ್ಲ. 1, 1, −1 ಎಂಬ ಬಾಣವನ್ನೇ ತೆಗೆದುಕೊಳ್ಳಿ. ಮೊದಲ ಅಡ್ಡಸಾಲಿನಿಂದ 2 + 1 = 3 ಬರುತ್ತದೆ. ಎರಡನೆಯದರಿಂದ 1 + 3 − 1 = 3. ಮೂರನೆಯದರಿಂದ 1 − 4 = −3. ಹೊರಬಂದದ್ದು 3, 3, −3. ಅದೇ ಬಾಣ, ಮೂರು ಪಟ್ಟು ಉದ್ದವಾಗಿದೆ ಅಷ್ಟೆ. ಈ 3 ಎಂಬುದು ಮ್ಯಾಟ್ರಿಕ್ಸ್‌ನ ಒಂದು ಐಗನ್‌ಮೌಲ್ಯ. ಮೂರು ಅಡ್ಡಸಾಲಿನ ಸಮ್ಮಿತ ಮ್ಯಾಟ್ರಿಕ್ಸ್‌ಗೆ ಇಂಥವು ಮೂರು ಇರುತ್ತವೆ. ಉಳಿದೆರಡು ಯಾವುವು ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆ ಕಾಗದದ ಮೇಲಷ್ಟೇ ಹುಟ್ಟುವುದಲ್ಲ. ಉಕ್ಕಿನ ತೊಲೆಯ ಒಂದು ಬಿಂದುವಿನ ಮೇಲೆ ಬೀಳುವ ಒತ್ತಡಗಳನ್ನು ಎಂಜಿನಿಯರುಗಳು ಇಂಥದೇ ಮೂರು ಸಾಲಿನ ಸಮ್ಮಿತ ಮ್ಯಾಟ್ರಿಕ್ಸ್‌ನಲ್ಲಿ ಬರೆಯುತ್ತಾರೆ. ಅದರ ಐಗನ್‌ಮೌಲ್ಯಗಳೇ ಆ ಬಿಂದುವಿನ ಮುಖ್ಯ ಒತ್ತಡಗಳು, ತೊಲೆ ತಾಳುತ್ತದೋ ಇಲ್ಲವೋ ಎಂದು ನೋಡುವುದು ಅವುಗಳಿಂದ. ಸ್ಪ್ರಿಂಗ್‌ಗಳಿಂದ ಜೋಡಿಸಿದ ಭಾರಗಳು ಯಾವ ಯಾವ ವೇಗದಲ್ಲಿ ಕಂಪಿಸಬಲ್ಲವು ಎಂಬುದಕ್ಕೂ ಉತ್ತರ ಐಗನ್‌ಮೌಲ್ಯಗಳಲ್ಲೇ ಇದೆ.

ಕಾಲೇಜಿನಲ್ಲಿ ಇದಕ್ಕೆ ಒಂದು ದಾರಿ ಕಲಿಸುತ್ತಾರೆ. ಮ್ಯಾಟ್ರಿಕ್ಸ್‌ನಿಂದ ಒಂದು ಬಹುಪದೋಕ್ತಿ ಕಟ್ಟಿ, ಅದರ ಮೂಲಗಳನ್ನು ಹುಡುಕಿದರೆ ಅವೇ ಐಗನ್‌ಮೌಲ್ಯಗಳು. ಮೂರು ಸಾಲಿಗೆ ಇದು ಸಾಕು. ನಮ್ಮ ಮ್ಯಾಟ್ರಿಕ್ಸ್‌ಗೆ ಹೀಗೆ ಮಾಡಿದರೆ 3 − √3, 3 ಮತ್ತು 3 + √3 ಸಿಗುತ್ತವೆ. ದಶಮಾಂಶದಲ್ಲಿ 1.267949, 3 ಮತ್ತು 4.732051. ಉತ್ತರವನ್ನು ಮೊದಲೇ ಹೇಳಿಬಿಡುತ್ತಿರುವುದಕ್ಕೆ ಕಾರಣವಿದೆ: ಮುಂದೆ ಮಾಡುವ ಲೆಕ್ಕ ಪ್ರತಿ ಹೆಜ್ಜೆಯಲ್ಲೂ ಈ ಸಂಖ್ಯೆಗಳಿಗೆ ಎಷ್ಟು ಹತ್ತಿರ ಬಂತು ಎಂದು ನೀವೇ ಅಳೆಯಬಹುದು.

ಸಾಲುಗಳು ಹೆಚ್ಚಿದ ಕೂಡಲೇ ಆ ದಾರಿ ಕೈಕೊಡುತ್ತದೆ. ಐದನೇ ಘಾತದಿಂದ ಮೇಲಿನ ಬಹುಪದೋಕ್ತಿಗಳ ಮೂಲಗಳಿಗೆ ಸಾಮಾನ್ಯ ಸೂತ್ರವೇ ಇಲ್ಲ ಎಂದು ನಾರ್ವೆಯ ಅಬೆಲ್ 1824ರಲ್ಲಿ ಸಾಧಿಸಿದ. ಇದಕ್ಕಿಂತ ಕೆಟ್ಟ ಸಂಗತಿಯನ್ನು ಬ್ರಿಟನ್ನಿನ ಜೇಮ್ಸ್ ವಿಲ್ಕಿನ್ಸನ್ ಕಂಡುಕೊಂಡರು. 1ರಿಂದ 20ರವರೆಗಿನ ಪೂರ್ಣಾಂಕಗಳೇ ಮೂಲಗಳಾಗಿರುವ ಬಹುಪದೋಕ್ತಿಯನ್ನು ಅವರು ತೆಗೆದುಕೊಂಡರು. ಅದರ ಒಂದು ಸಹಗುಣಕ −210. ಅದರಿಂದ ಸುಮಾರು ಒಂದು ಕೋಟಿಯಲ್ಲಿ ಒಂದು ಭಾಗದಷ್ಟನ್ನು ಮಾತ್ರ ಕಳೆದರು. ಇಪ್ಪತ್ತರಲ್ಲಿ ಹತ್ತು ಮೂಲಗಳು ವಾಸ್ತವ ಸಂಖ್ಯೆಗಳಾಗಿಯೇ ಉಳಿಯಲಿಲ್ಲ! ಅಂದರೆ ಐಗನ್‌ಮೌಲ್ಯಗಳು ಎಷ್ಟೇ ಗಟ್ಟಿಯಾಗಿದ್ದರೂ, ಬಹುಪದೋಕ್ತಿಯ ಸಹಗುಣಕಗಳಾಗಿ ಬರೆದ ಕ್ಷಣ ಅವು ಸಣ್ಣ ದುಂಡುಮಾಡುವ ತಪ್ಪಿಗೂ ಚೆಲ್ಲಾಪಿಲ್ಲಿಯಾಗಬಹುದು. ಹಾಗಾಗಿ ಇಂದಿನ ಗಣಕಗಳು ಬಹುಪದೋಕ್ತಿಯ ತಂಟೆಗೇ ಹೋಗುವುದಿಲ್ಲ. ಅವು ಮ್ಯಾಟ್ರಿಕ್ಸ್ ಅನ್ನೇ ತಿರುಗಿಸುತ್ತವೆ.

ತಿರುಗಿಸುವುದೆಂದರೇನು? ಒಂದು ಮಾವಿನಕಾಯಿಯನ್ನು ಕೈಯಲ್ಲಿ ಓರೆಯಾಗಿ ಹಿಡಿದಿದ್ದೀರಿ ಎನ್ನಿ. ಅದರ ಉದ್ದ, ಅಗಲ, ದಪ್ಪ ಎಷ್ಟು ಎಂದು ಸ್ಕೇಲಿನಿಂದ ನೇರವಾಗಿ ಅಳೆಯಲಾಗದು. ಆದರೆ ಹಣ್ಣನ್ನು ಹೇಗೆ ಹೊರಳಿಸಿದರೂ ಆ ಮೂರು ಅಳತೆ ಬದಲಾಗುವುದಿಲ್ಲ. ಹೊರಳಿಸುತ್ತಾ ಹೋಗಿ ಅದರ ಉದ್ದ ಮೇಜಿನ ಅಂಚಿಗೆ ಸಮನಾಗಿ ನಿಂತಾಗ ಅಳತೆ ತಾನೇ ಕಾಣುತ್ತದೆ. ಐಗನ್‌ಮೌಲ್ಯಗಳು ಸಮ್ಮಿತ ಮ್ಯಾಟ್ರಿಕ್ಸ್‌ನ ಅಂಥ ಅಳತೆಗಳು. ಕರ್ಣದಾಚೆಯ ಸಂಖ್ಯೆಗಳು ಅದು ಇನ್ನೂ ಎಷ್ಟು ಓರೆಯಾಗಿದೆ ಎಂಬುದರ ಗುರುತು. ಅವೆಲ್ಲ ಸೊನ್ನೆಯಾದ ದಿನ ಕರ್ಣದಲ್ಲಿ ಉಳಿಯುವುದು ಐಗನ್‌ಮೌಲ್ಯಗಳೇ.

ಹಾಗಾದರೆ ಯಾವ ಕಡೆ ತಿರುಗಿಸಬೇಕು? ಇದಕ್ಕೆ ಉತ್ತರ ಕೊಟ್ಟದ್ದು ಕ್ಯೂಆರ್ ವಿಧಾನ. ಮ್ಯಾಟ್ರಿಕ್ಸ್ ಅನ್ನು ಎರಡು ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯಿರಿ. ಮೊದಲನೆಯದು `Q`, ಉದ್ದವನ್ನು ಬದಲಿಸದೆ ತಿರುಗಿಸುವ ಕೆಲಸ ಅದರದು. ಎರಡನೆಯದು `R`, ಕರ್ಣದ ಕೆಳಗೆ ಪೂರ್ತಿ ಸೊನ್ನೆ ಇರುವಂಥದ್ದು. ಒಡೆದಾದ ಮೇಲೆ ಅವೆರಡನ್ನೂ ಹಿಂದುಮುಂದು ಮಾಡಿ ಗುಣಿಸಿ.

```
A = Q R
A(ಹೊಸದು) = R Q
```

ನೋಡಿದರೆ ಇದು ಅರ್ಥವಿಲ್ಲದ ಆಟದಂತಿದೆ. ಆದರೆ ಮೊದಲ ಸಾಲಿನಿಂದ `R` ಎಂದರೆ `A` ಅನ್ನು `Q`ನ ತಿರುಗುಮುರುಗಿನಿಂದ ಗುಣಿಸಿದ್ದು. ಅದನ್ನು ಎರಡನೇ ಸಾಲಿನಲ್ಲಿಟ್ಟರೆ, ಹೊಸ ಮ್ಯಾಟ್ರಿಕ್ಸ್ ಹಳೆಯದನ್ನೇ `Q` ಹೇಳಿದಷ್ಟು ಹೊರಳಿಸಿದ್ದು ಎಂದು ತಿಳಿಯುತ್ತದೆ. ಐಗನ್‌ಮೌಲ್ಯಗಳು ಹಾಗೆಯೇ ಉಳಿದವು. ಇದನ್ನೇ ಮತ್ತೆ ಮತ್ತೆ ಮಾಡುತ್ತಾ ಹೋದರೆ ಕರ್ಣದಾಚೆಯ ಸಂಖ್ಯೆಗಳು ಕರಗುತ್ತಾ ಬರುತ್ತವೆ.

ಕರಗುತ್ತವೆ ನಿಜ, ಎಷ್ಟು ನಿಧಾನವಾಗಿ ಎಂಬುದನ್ನು ನಮ್ಮ ಮ್ಯಾಟ್ರಿಕ್ಸ್ ಮೇಲೇ ನೋಡೋಣ. ಒಮ್ಮೆ ಒಡೆದು ಹಿಂದುಮುಂದಾಗಿ ಗುಣಿಸಿದರೆ ಬರುವುದು ಇದು:

```
3.0000  1.0954  0
1.0954  3.0000  1.3416
0       1.3416  3.0000
```

ಕರ್ಣದಲ್ಲಿ ಮೂರಕ್ಕೆ ಮೂರೂ 3! ಕರ್ಣದ ಪಕ್ಕದ ಸಂಖ್ಯೆಗಳು 1 ಇದ್ದದ್ದು ಕಡಿಮೆಯಾಗುವ ಬದಲು ಹೆಚ್ಚಾಗಿವೆ. ಮೊದಲ ಸಲ ಇದನ್ನು ಮಾಡಿದವರು ಎಲ್ಲೋ ತಪ್ಪಿದೆ ಎಂದುಕೊಂಡು ಬಿಟ್ಟುಬಿಟ್ಟರೂ ಆಶ್ಚರ್ಯವಿಲ್ಲ. ತಪ್ಪೇನೂ ಆಗಿಲ್ಲ. ಮುಂದಿನ ಹೆಜ್ಜೆಗಳಲ್ಲಿ ಅವು ಇಳಿಯತೊಡಗುತ್ತವೆ. ಇಳಿಯುವ ದರವನ್ನು ಐಗನ್‌ಮೌಲ್ಯಗಳ ಅನುಪಾತ ನಿರ್ಧರಿಸುತ್ತದೆ. ಕೆಳಗಿನದು ಪ್ರತಿ ಹೆಜ್ಜೆಗೆ 1.268 ಭಾಗಿಸು 3, ಅಂದರೆ ಸುಮಾರು 0.42 ಪಟ್ಟಾಗುತ್ತದೆ. ಮೇಲಿನದು 3 ಭಾಗಿಸು 4.732, ಸುಮಾರು 0.63 ಪಟ್ಟು. ಕೆಳಗಿನದು ಲಕ್ಷದಲ್ಲಿ ಒಂದು ಭಾಗದಷ್ಟಕ್ಕೆ ಇಳಿಯಲು ಸುಮಾರು 15 ಹೆಜ್ಜೆ ಬೇಕು, ಮೇಲಿನದಕ್ಕೆ ಸುಮಾರು 28. ಮೂರು ಸಾಲಿನ ಮ್ಯಾಟ್ರಿಕ್ಸ್‌ಗೇ ಇಷ್ಟು. ಎರಡು ಐಗನ್‌ಮೌಲ್ಯಗಳು 3 ಮತ್ತು 3.01 ಎಂಬಷ್ಟು ಹತ್ತಿರವಿದ್ದರೆ ಅನುಪಾತ 0.997 ಆಗುತ್ತದೆ, ಆಗ ಸಾವಿರಾರು ಹೆಜ್ಜೆ ಹಾಕಬೇಕು.

ಈ ಒಂದು ಕೊರತೆಯನ್ನು ನೀಗಿದ್ದು ಶಿಫ್ಟ್. ನನ್ನ ಮಟ್ಟಿಗೆ ಇಡೀ ವಿಧಾನದ ಜೀವ ಇರುವುದೇ ಅಲ್ಲಿ.

ಕರ್ಣದ ಪ್ರತಿ ಸಂಖ್ಯೆಯಿಂದಲೂ ಒಂದೇ ಸಂಖ್ಯೆಯನ್ನು ಕಳೆದರೆ ಎಲ್ಲ ಐಗನ್‌ಮೌಲ್ಯಗಳೂ ಅಷ್ಟೇ ಕಡಿಮೆಯಾಗುತ್ತವೆ, ದಿಕ್ಕುಗಳು ಹಾಗೇ ಇರುತ್ತವೆ. ಹಾಗಿದ್ದರೆ ಮೊದಲು ಒಂದು ಸಂಖ್ಯೆ ಕಳೆಯೋಣ, ಒಡೆದು ಹಿಂದುಮುಂದಾಗಿ ಗುಣಿಸೋಣ, ಆಮೇಲೆ ಕಳೆದದ್ದನ್ನು ಕರ್ಣಕ್ಕೆ ವಾಪಸು ಕೂಡಿಸೋಣ. ಲೆಕ್ಕ ಕೆಡುವುದಿಲ್ಲ. ಆದರೆ ಇಳಿಯುವ ದರ ಪೂರ್ತಿ ಬದಲಾಗುತ್ತದೆ, ಏಕೆಂದರೆ ಈಗ ಅನುಪಾತ ತೆಗೆದುಕೊಳ್ಳಬೇಕಾದದ್ದು ಕಳೆದು ಉಳಿದ ಸಂಖ್ಯೆಗಳದ್ದು. ಕಳೆದ ಸಂಖ್ಯೆ ಒಂದು ಐಗನ್‌ಮೌಲ್ಯಕ್ಕೆ ತೀರಾ ಹತ್ತಿರವಿದ್ದರೆ, ಅದರ ಪಾಲಿಗೆ ಉಳಿಯುವುದು ಬಹುತೇಕ ಸೊನ್ನೆ. ಸೊನ್ನೆಗೆ ಹತ್ತಿರವಾದದ್ದನ್ನು ಏನರಿಂದ ಭಾಗಿಸಿದರೂ ಸೊನ್ನೆಗೆ ಹತ್ತಿರವೇ. ಕೆಳಮೂಲೆಯ ಪಕ್ಕದ ಸಂಖ್ಯೆ ಆಗ ಒಂದೇ ಹೆಜ್ಜೆಯಲ್ಲಿ ಕುಸಿಯುತ್ತದೆ.

ಇಲ್ಲೊಂದು ತೊಡಕು ಇದೆ. ಐಗನ್‌ಮೌಲ್ಯ ಗೊತ್ತಿಲ್ಲದೆ ತಾನೇ ಹುಡುಕುತ್ತಿರುವುದು? ಗೊತ್ತಿಲ್ಲದ್ದನ್ನು ಕಳೆಯುವುದು ಹೇಗೆ? ಉತ್ತರ ಮ್ಯಾಟ್ರಿಕ್ಸ್‌ನ ಕೆಳಮೂಲೆಯಲ್ಲೇ ಇದೆ. ಅಲ್ಲಿನ ಎರಡು ಸಾಲಿನ ಪುಟ್ಟ ತುಂಡನ್ನು ಮಾತ್ರ ಬೇರೆಯಾಗಿ ನೋಡಿ. ಅದಕ್ಕೆ ಎರಡು ಐಗನ್‌ಮೌಲ್ಯಗಳಿವೆ, ಹೈಸ್ಕೂಲಿನ ವರ್ಗ ಸಮೀಕರಣದಿಂದಲೇ ಅವು ಸಿಗುತ್ತವೆ. ಅವೆರಡರಲ್ಲಿ ಕೆಳಮೂಲೆಯ ಸಂಖ್ಯೆಗೆ ಯಾವುದು ಹತ್ತಿರವೋ ಅದನ್ನು ಕಳೆಯಿರಿ. ಇದಕ್ಕೆ ವಿಲ್ಕಿನ್ಸನ್ ಶಿಫ್ಟ್ ಎಂದು ಹೆಸರು.

ನಮ್ಮ ಮ್ಯಾಟ್ರಿಕ್ಸ್‌ಗೆ ಮರಳೋಣ. ಕೆಳಮೂಲೆಯ ತುಂಡಿನಲ್ಲಿ 3, 1, 1, 4 ಇವೆ. ಅದರ ಐಗನ್‌ಮೌಲ್ಯಗಳು 2.381966 ಮತ್ತು 4.618034. ಮೂಲೆಯ 4ಕ್ಕೆ ಹತ್ತಿರ ಇರುವುದು 4.618034. ಅದನ್ನು ಕರ್ಣದಿಂದ ಕಳೆದರೆ ಕರ್ಣ −2.618034, −1.618034, −0.618034 ಆಗುತ್ತದೆ.

ಈಗ ಒಡೆಯಬೇಕು. ಕರ್ಣದ ಕೆಳಗೆ ಸೊನ್ನೆಯಲ್ಲದ ಸಂಖ್ಯೆ ಎರಡೇ ಇರುವುದರಿಂದ ಎರಡೇ ತಿರುವು ಸಾಕು. ಮೊದಲ ತಿರುವು ಮೇಲಿನ ಎರಡು ಅಡ್ಡಸಾಲುಗಳನ್ನು ಬೆರೆಸುತ್ತದೆ. ಮೊದಲ ಕಂಬಸಾಲಿನ −2.618034 ಮತ್ತು 1, ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 2.802517. ಎರಡನ್ನೂ ಇದರಿಂದ ಭಾಗಿಸಿದಾಗ ಬರುವ −0.934172 ಮತ್ತು 0.356822 ಈ ತಿರುವಿನ ಕೊಸೈನ್ ಮತ್ತು ಸೈನ್. ಈ ಪ್ರಮಾಣದಲ್ಲಿ ಸಾಲುಗಳನ್ನು ಬೆರೆಸಿದರೆ ಎರಡನೇ ಸಾಲಿನ ಆರಂಭದಲ್ಲಿದ್ದ 1 ಸೊನ್ನೆಯಾಗುತ್ತದೆ. ಎರಡನೇ ತಿರುವು ಇದನ್ನೇ ಕೆಳಗಿನ ಎರಡು ಸಾಲುಗಳಿಗೆ ಮಾಡುತ್ತದೆ. ಆಗ ಉಳಿಯುವ `R`ನ ಕೆಳಮೂಲೆಯಲ್ಲಿ 0.144369 ಎಂಬ ಚಿಕ್ಕ ಸಂಖ್ಯೆ ಇರುತ್ತದೆ. ಕಳೆದದ್ದು ಐಗನ್‌ಮೌಲ್ಯಕ್ಕೆ ಹತ್ತಿರವಿತ್ತು ಎಂಬುದಕ್ಕೆ ಅದೇ ಸುಳಿವು. ಇನ್ನು ಅದೇ ಎರಡು ತಿರುವುಗಳನ್ನು ಕಂಬಸಾಲುಗಳ ಮೇಲೆ ನಡೆಸಿ, 4.618034 ಅನ್ನು ಕರ್ಣಕ್ಕೆ ವಾಪಸು ಕೂಡಿಸಿದರೆ ಸಿಗುವುದು:

```
1.460655  0.545055  0
0.545055  2.812178  0.094512
0         0.094512  4.727167
```

ಒಂದೇ ಹೆಜ್ಜೆಗೆ ಕೆಳಮೂಲೆ 4.727 ತಲುಪಿದೆ, ಪಕ್ಕದ 1 ಇಳಿದು 0.0945 ಆಗಿದೆ. ಎರಡನೇ ಹೆಜ್ಜೆಗೆ ಮತ್ತೆ ಕೆಳಮೂಲೆಯ ತುಂಡಿನಿಂದ ಶಿಫ್ಟ್ ತೆಗೆದರೆ 4.731820 ಬರುತ್ತದೆ. ಅದನ್ನು ಕಳೆದು, ತಿರುಗಿಸಿ, ಕೂಡಿಸಿದರೆ:

```
1.320433  0.296901  0
0.296901  2.947516  0.000012
0         0.000012  4.732051
```

ಎರಡೇ ಹೆಜ್ಜೆ! ಮೂಲೆಯಲ್ಲಿ ಕೂತಿರುವುದು 3 + √3, ಆರು ದಶಮಾಂಶದವರೆಗೂ ಸರಿ. ಮೂರನೇ ಹೆಜ್ಜೆ ಹಾಕಿದರೆ ಪಕ್ಕದ ಸಂಖ್ಯೆ ಗಣಕದ ಹದಿನಾರು ಅಂಕಿಗಳ ನಿಖರತೆಗಿಂತಲೂ ಕೆಳಗೆ ಹೋಗುತ್ತದೆ. 1, ಆಮೇಲೆ 0.09, ಆಮೇಲೆ 0.00001, ಆಮೇಲೆ ಗಣಕಕ್ಕೆ ಸೊನ್ನೆ ಎನ್ನಬಹುದಾದದ್ದು. ಇದು ಒಂದೇ ಅನುಪಾತದ ಇಳಿತವಲ್ಲ. ಶಿಫ್ಟ್ ಉತ್ತಮವಾದಷ್ಟೂ ಮೂಲೆ ಉತ್ತಮವಾಗುತ್ತದೆ, ಮೂಲೆ ಉತ್ತಮವಾದಷ್ಟೂ ಮುಂದಿನ ಶಿಫ್ಟ್ ಉತ್ತಮವಾಗುತ್ತದೆ. ಸಮ್ಮಿತ ಮ್ಯಾಟ್ರಿಕ್ಸ್‌ಗಳಲ್ಲಿ ಗುರಿ ಹತ್ತಿರವಾದ ಮೇಲೆ ಸರಿಯಾದ ಅಂಕಿಗಳ ಸಂಖ್ಯೆ ಪ್ರತಿ ಹೆಜ್ಜೆಗೆ ಸುಮಾರು ಮೂರು ಪಟ್ಟಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಶಿಫ್ಟ್ ಇಲ್ಲದೆ ಹೋದರೆ ಈ ಮ್ಯಾಟ್ರಿಕ್ಸ್‌ನ ಕೆಳಮೂಲೆಗೆ ಬರುವುದು ಎಲ್ಲಕ್ಕಿಂತ ಚಿಕ್ಕದಾದ 1.268. ಇಲ್ಲಿ ಬಂದದ್ದು ಎಲ್ಲಕ್ಕಿಂತ ದೊಡ್ಡದು. ಶಿಫ್ಟ್ ಬಳಸಿದಾಗ ಯಾವ ಐಗನ್‌ಮೌಲ್ಯ ಮೊದಲು ಕೈಗೆ ಸಿಗುತ್ತದೆ ಎಂದು ಹೇಳಲಾಗದು. ಕ್ರಮದಲ್ಲಿ ಬೇಕಿದ್ದರೆ ಕೊನೆಯಲ್ಲಿ ಜೋಡಿಸಿಕೊಳ್ಳಬೇಕು.

ಪಕ್ಕದ ಸಂಖ್ಯೆ ಸೊನ್ನೆಯಾದ ಮೇಲೆ ಕೆಳಗಿನ ಸಾಲಿಗೂ ಉಳಿದದ್ದಕ್ಕೂ ಸಂಬಂಧವಿಲ್ಲ. 4.732051 ಅನ್ನು ಬರೆದಿಟ್ಟುಕೊಂಡು, ಕೊನೆಯ ಸಾಲನ್ನೂ ಕೊನೆಯ ಕಂಬಸಾಲನ್ನೂ ಅಳಿಸಿಬಿಡಬಹುದು. ಉಳಿಯುವುದು ಎರಡು ಸಾಲು. ಅದರ ವರ್ಗ ಸಮೀಕರಣ ಬಿಡಿಸಿದರೆ 2.133975 ಕೂಡಿಸು ಅಥವಾ ಕಳೆ 0.866025 ಎಂದು ಬರುತ್ತದೆ. ಅಂದರೆ 3.000000 ಮತ್ತು 1.267949. ಮೂರೂ ಸಿಕ್ಕವು. ದೊಡ್ಡ ಮ್ಯಾಟ್ರಿಕ್ಸ್ ಆಗಿದ್ದರೂ ಇದೇ ನಡೆ: ಒಂದು ಸಿಕ್ಕ ಕೂಡಲೇ ಸಾಲು ಅಳಿಸಿ, ಉಳಿದ ಚಿಕ್ಕದರ ಕೆಳಮೂಲೆಯಿಂದ ಮತ್ತೆ ಶುರು. ಮೊದಲನೆಯದನ್ನು ಹಿಡಿಯುವಾಗ ಉಳಿದವೂ ಅಷ್ಟಿಷ್ಟು ಹದಕ್ಕೆ ಬಂದಿರುತ್ತವೆ, ಹಾಗಾಗಿ ಒಂದೊಂದಕ್ಕೆ ಸರಾಸರಿ ಎರಡು ಹೆಜ್ಜೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ.

ನಮ್ಮ ಮ್ಯಾಟ್ರಿಕ್ಸ್‌ನಲ್ಲಿ ಕರ್ಣ ಮತ್ತು ಅದರ ಅಕ್ಕಪಕ್ಕದ ಓಣಿಗಳಲ್ಲಿ ಮಾತ್ರ ಸಂಖ್ಯೆಗಳಿದ್ದವು, ಮೂಲೆಗಳಲ್ಲಿ ಸೊನ್ನೆ ಇತ್ತು. ಅನುಕೂಲಕ್ಕೆಂದು ಹಾಗೆ ಆರಿಸಿಕೊಂಡದ್ದು ಹೌದು, ಆದರೆ ಪೂರ್ತಿ ತುಂಬಿದ ಸಮ್ಮಿತ ಮ್ಯಾಟ್ರಿಕ್ಸ್ ಬಂದರೂ ಗಣಕ ಮೊದಲು ಅದನ್ನು ಈ ಮೂರು ಓಣಿಗಳ ರೂಪಕ್ಕೇ ತರುತ್ತದೆ. ಆಲ್ಸ್ಟನ್ ಹೌಸ್‌ಹೋಲ್ಡರ್ 1958ರಲ್ಲಿ ಪ್ರಕಟಿಸಿದ ಪ್ರತಿಬಿಂಬಗಳ ಉಪಾಯದಿಂದ ಇದು ಒಮ್ಮೆಗೇ, ಪುನರಾವರ್ತನೆ ಇಲ್ಲದೆ ಆಗುತ್ತದೆ. ಲಾಭ ಬಹಳ ದೊಡ್ಡದು. ಕ್ಯೂಆರ್ ಹೆಜ್ಜೆ ಮೂರು ಓಣಿಗಳ ರೂಪವನ್ನು ಕೆಡಿಸುವುದಿಲ್ಲ, ಮೇಲಿನ ಲೆಕ್ಕದಲ್ಲೂ ಮೂಲೆಯ ಸೊನ್ನೆಗಳು ಕೊನೆಯವರೆಗೂ ಸೊನ್ನೆಯಾಗಿಯೇ ಉಳಿದದ್ದನ್ನು ನೋಡಿದಿರಿ. ನೂರು ಸಾಲಿದ್ದರೆ ಒಂದು ಹೆಜ್ಜೆಗೆ ತೊಂಬತ್ತೊಂಬತ್ತು ತಿರುವು ಸಾಕು, ಒಂದೊಂದು ತಿರುವೂ ಮುಟ್ಟುವುದು ಬೆರಳೆಣಿಕೆಯ ಸಂಖ್ಯೆಗಳನ್ನು.

ಈ ವಿಧಾನ ಹುಟ್ಟಿದ ಕಥೆಯೂ ತಿಳಿಯಬೇಕಾದದ್ದೇ. ಜ್ಯೂರಿಕ್‌ನ ಹೈನ್ಸ್ ರುಟಿಸ್‌ಹೌಸರ್ ಅವರು 1958ರಲ್ಲಿ, ಒಡೆದು ಹಿಂದುಮುಂದಾಗಿ ಗುಣಿಸುವ ಉಪಾಯವನ್ನು ಬೇರೊಂದು ಬಗೆಯ ಒಡೆತದೊಂದಿಗೆ ಪ್ರಕಟಿಸಿದ್ದರು. ಆ ಒಡೆತದಲ್ಲಿ ಸಂಖ್ಯೆಗಳು ಒಮ್ಮೊಮ್ಮೆ ವಿಪರೀತ ಬೆಳೆದು ಲೆಕ್ಕ ಕೆಡುತ್ತಿತ್ತು. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಫ್ರಾನ್ಸಿಸ್ ಎಂಬ ತರುಣ, ಅದರ ಜಾಗದಲ್ಲಿ ಉದ್ದ ಬದಲಿಸದ ತಿರುವುಗಳನ್ನು ತಂದರು. ಶಿಫ್ಟ್ ಸೇರಿದಂತೆ ಇಡೀ ವಿಧಾನ 1961 ಮತ್ತು 1962ರಲ್ಲಿ ಎರಡು ಲೇಖನಗಳಾಗಿ ಹೊರಬಂತು. ಅದೇ ಹೊತ್ತಿಗೆ ಲೆನಿನ್‌ಗ್ರಾಡಿನಲ್ಲಿ ವೆರಾ ಕುಬ್ಲನೋವ್‌ಸ್ಕಯಾ ತಮ್ಮಷ್ಟಕ್ಕೆ ತಾವೇ ಇದೇ ಮೂಲ ವಿಚಾರಕ್ಕೆ ಬಂದಿದ್ದರು. ಫ್ರಾನ್ಸಿಸ್ ಆಮೇಲೆ ಈ ಕ್ಷೇತ್ರವನ್ನೇ ಬಿಟ್ಟರು. 2007ರಲ್ಲಿ ಜೀನ್ ಗೋಲಬ್ ಮತ್ತು ಫ್ರಾಂಕ್ ಉಲಿಗ್ ಎಂಬ ಗಣಿತಜ್ಞರು ಅವರನ್ನು ಹುಡುಕಿ ತೆಗೆದಾಗ, ತಮ್ಮ ವಿಧಾನ ಜಗತ್ತಿನ ತುಂಬ ಬಳಕೆಯಲ್ಲಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಸುಮಾರು ಅರ್ಧ ಶತಮಾನ ಕಳೆದಿತ್ತು!

ಮತ್ತೆ ಲೆಕ್ಕಕ್ಕೆ ಬರೋಣ. ಶಿಫ್ಟ್ ಆಗಿ ಎರಡು ಸಾಲಿನ ತುಂಡಿನ ಐಗನ್‌ಮೌಲ್ಯವನ್ನೇ ಏಕೆ ತೆಗೆಯಬೇಕು, ಮೂಲೆಯ ಸಂಖ್ಯೆಯನ್ನೇ ಕಳೆದರೆ ಸಾಲದೇ ಎಂದು ಕೇಳಬಹುದು. ಹೆಚ್ಚಿನ ಸಲ ಸಾಲುತ್ತದೆ. ಸಾಲದ ಸಂದರ್ಭ ಎಷ್ಟು ಸರಳವೆಂದರೆ ಎರಡೇ ಸಾಲಿನಲ್ಲಿ ತೋರಿಸಬಹುದು.

```
0  1
1  0
```

ಇದರ ಐಗನ್‌ಮೌಲ್ಯಗಳು 1 ಮತ್ತು −1. ಮೂಲೆಯಲ್ಲಿರುವುದು 0, ಕಳೆದರೂ ಏನೂ ಬದಲಾಗದು. ಒಡೆಯಲು ಹೋದರೆ ಮ್ಯಾಟ್ರಿಕ್ಸ್ ತಾನೇ `Q` ಆಗಿಬಿಡುತ್ತದೆ, `R` ಬರೀ ಕರ್ಣದಲ್ಲಿ 1 ಇರುವಂಥದ್ದು. ಹಿಂದುಮುಂದಾಗಿ ಗುಣಿಸಿದರೆ ಮೊದಲಿದ್ದದ್ದೇ ಬರುತ್ತದೆ. ಸಾವಿರ ಸಲ ಮಾಡಿದರೂ ಇದ್ದಲ್ಲೇ ಇರುತ್ತದೆ. ಎರಡೂ ಐಗನ್‌ಮೌಲ್ಯಗಳು ಸೊನ್ನೆಯಿಂದ ಸಮಾನ ದೂರದಲ್ಲಿರುವುದರಿಂದ ಅನುಪಾತ 1, ಯಾವ ಕಡೆ ವಾಲಬೇಕೆಂದು ವಿಧಾನಕ್ಕೆ ತೋಚುವುದಿಲ್ಲ. ವಿಲ್ಕಿನ್ಸನ್ ಶಿಫ್ಟ್ ಇಲ್ಲಿ 1 ಅಥವಾ −1 ಅನ್ನು ಆರಿಸುತ್ತದೆ. ಎರಡೂ ಸಮಾನ ಹತ್ತಿರವಿದ್ದಾಗ ಯಾವುದಾದರೂ ಒಂದನ್ನು ಹಿಡಿಯಬೇಕು, ಅಷ್ಟೇ ನಿಯಮ. ಒಂದೇ ಹೆಜ್ಜೆಗೆ ಗಂಟು ಬಿಚ್ಚುತ್ತದೆ. ಮೂರು ಓಣಿಗಳ ಸಮ್ಮಿತ ಮ್ಯಾಟ್ರಿಕ್ಸ್ ಯಾವುದೇ ಇರಲಿ, ಈ ಶಿಫ್ಟ್‌ನೊಂದಿಗೆ ಕ್ಯೂಆರ್ ಎಂದೂ ಹೀಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂದು ವಿಲ್ಕಿನ್ಸನ್ 1968ರಲ್ಲಿ ಸಾಧಿಸಿ ತೋರಿಸಿದರು.

ಕಳೆದ ಸಂಖ್ಯೆ ಐಗನ್‌ಮೌಲ್ಯಕ್ಕೆ ತೀರಾ ಹತ್ತಿರವಾದರೆ ಸೊನ್ನೆಯಿಂದ ಭಾಗಿಸಿದಂತಾಗಿ ಲೆಕ್ಕ ಒಡೆದುಹೋಗುವುದಿಲ್ಲವೇ ಎಂಬ ಭಯ ಕಲಿಯುವವರಲ್ಲಿ ಸಾಮಾನ್ಯ. ಇಲ್ಲಿ ಆ ಭಯ ಬೇಡ. ಈ ವಿಧಾನದಲ್ಲಿ ಸಮೀಕರಣ ಬಿಡಿಸುವ ಕೆಲಸವೇ ಇಲ್ಲ, ತಿರುವುಗಳಷ್ಟೇ ಇವೆ. ಶಿಫ್ಟ್ ನಿಖರವಾಗಿ ಐಗನ್‌ಮೌಲ್ಯವೇ ಆಗಿಬಿಟ್ಟರೆ `R`ನ ಕೊನೆಯ ಸಾಲು ಪೂರ್ತಿ ಸೊನ್ನೆಯಾಗುತ್ತದೆ, ಹಾಗಾಗಿ ಗುಣಲಬ್ಧದ ಕೊನೆಯ ಸಾಲೂ ಸೊನ್ನೆ. ಅಂದರೆ ಕೆಲಸ ಒಂದೇ ಹೆಜ್ಜೆಗೆ ಮುಗಿದಂತೆ.

ಪೈಥಾನ್ ಗೊತ್ತಿರುವವರು ಒಂದು ಹೆಜ್ಜೆಯನ್ನು ಹೀಗೆ ಬರೆಯಬಹುದು:

```python
import numpy as np

def step(A):
    n = len(A)
    a, b, c = A[-2, -2], A[-1, -2], A[-1, -1]
    d = (a - c) / 2
    sg = 1.0 if d >= 0 else -1.0
    s = c - sg * b * b / (abs(d) + np.hypot(d, b))
    Q, R = np.linalg.qr(A - s * np.eye(n))
    return R @ Q + s * np.eye(n)
```

ಇಲ್ಲಿ `s` ಎಂಬುದೇ ಶಿಫ್ಟ್. ಅದನ್ನು ವರ್ಗ ಸಮೀಕರಣದ ಪರಿಚಿತ ಸೂತ್ರದಲ್ಲಿ ಬರೆಯದೆ ಈ ರೂಪದಲ್ಲಿ ಬರೆಯಲು ಕಾರಣವಿದೆ. `b` ಚಿಕ್ಕದಾಗುತ್ತಾ ಬಂದಾಗ ಪರಿಚಿತ ಸೂತ್ರದಲ್ಲಿ ಹೆಚ್ಚುಕಡಿಮೆ ಸಮನಾದ ಎರಡು ಸಂಖ್ಯೆಗಳನ್ನು ಕಳೆಯಬೇಕಾಗಿ ಬಂದು, ಅಂಕಿಗಳು ನಷ್ಟವಾಗಬಹುದು. ಮೇಲಿನ ರೂಪದಲ್ಲಿ ಮೂಲೆಯ `c`ಗೆ ಒಂದು ಸಣ್ಣ ತಿದ್ದುಪಡಿ ಮಾತ್ರ ಸೇರುತ್ತದೆ, ಆ ತಿದ್ದುಪಡಿಯ ಛೇದದಲ್ಲಿರುವುದು ಬರೀ ಕೂಡಿಸುವಿಕೆ.

ಯಾವಾಗ ನಿಲ್ಲಿಸಬೇಕು ಎಂಬುದರಲ್ಲಿ ಹೊಸಬರು ಎಡವುತ್ತಾರೆ. `b` ಎಂಬುದು 0.0000000001ಕ್ಕಿಂತ ಚಿಕ್ಕದಾದರೆ ಸಾಕು ಎಂದು ಬರೆದುಬಿಡುತ್ತಾರೆ. ಮ್ಯಾಟ್ರಿಕ್ಸ್‌ನ ಸಂಖ್ಯೆಗಳೆಲ್ಲ ಕೋಟಿಗಳಲ್ಲಿದ್ದರೆ `b` ಅಷ್ಟು ಕೆಳಗೆ ಇಳಿಯದೆ ದುಂಡುಮಾಡುವ ತಪ್ಪಿನಲ್ಲೇ ಹೊಯ್ದಾಡುತ್ತಿರಬಹುದು, ಲೆಕ್ಕ ಮುಗಿಯುವುದೇ ಇಲ್ಲ. ಸಂಖ್ಯೆಗಳೆಲ್ಲ ತೀರಾ ಚಿಕ್ಕವಿದ್ದರೆ ಮೊದಲ ಹೆಜ್ಜೆಗೂ ಮುಂಚೆಯೇ ಮುಗಿಯಿತೆಂದು ಹೇಳಿಬಿಡುತ್ತದೆ. ಸರಿಯಾದ ಕ್ರಮ ಎಂದರೆ `b` ಅನ್ನು ಅದರ ಅಕ್ಕಪಕ್ಕದ ಕರ್ಣದ ಎರಡು ಸಂಖ್ಯೆಗಳೊಂದಿಗೆ ಹೋಲಿಸುವುದು:

```python
abs(b) <= 2.2e-16 * (abs(a) + abs(c))
```

ಇದು ನಿಜವಾದರೆ `b` ಅನ್ನು ಸೊನ್ನೆ ಮಾಡಿ ಸಾಲು ಅಳಿಸಿ. ಈ ಪರೀಕ್ಷೆಯನ್ನು `step` ಕರೆಯುವ ಮೊದಲೇ ಮಾಡಬೇಕು, ಇಲ್ಲದಿದ್ದರೆ `a` ಮತ್ತು `c` ಸಮನಾಗಿದ್ದು `b` ಸೊನ್ನೆಯಾಗಿದ್ದಾಗ ಛೇದ ಸೊನ್ನೆಯಾಗುತ್ತದೆ. ಪರೀಕ್ಷೆಯನ್ನು ಕೆಳಮೂಲೆಗಷ್ಟೇ ಸೀಮಿತಗೊಳಿಸಬಾರದು. ಒಮ್ಮೊಮ್ಮೆ ನಡುವಿನ ಒಂದು ಸಂಖ್ಯೆ ಮೊದಲು ಸೊನ್ನೆಯಾಗುತ್ತದೆ, ಆಗ ಮ್ಯಾಟ್ರಿಕ್ಸ್ ಎರಡು ತುಂಡಾಯಿತು ಎಂದೇ ಅರ್ಥ, ಎರಡನ್ನೂ ಬೇರೆ ಬೇರೆ ಬಿಡಿಸಬೇಕು. ಒಂದು ಐಗನ್‌ಮೌಲ್ಯಕ್ಕೆ ಸರಾಸರಿ ಎರಡು ಹೆಜ್ಜೆ ಸಾಕಾಗುವ ಕಡೆ 30 ಹೆಜ್ಜೆಯ ಮಿತಿ ಇಡುವುದು ರೂಢಿ. ಆ ಮಿತಿ ದಾಟಿತೆಂದರೆ ಬಹುತೇಕ ಪ್ರೋಗ್ರಾಮಿನಲ್ಲೇ ದೋಷವಿದೆ, ಇಲ್ಲವೇ ಕೊಟ್ಟ ಮ್ಯಾಟ್ರಿಕ್ಸ್ ಸಮ್ಮಿತವಾಗಿಲ್ಲ.

ಬಂದ ಉತ್ತರ ಸರಿಯೇ ಎಂದು ನೋಡಲು ಎರಡು ತಾಳೆಗಳು ಕೈಯಳತೆಯಲ್ಲೇ ಇವೆ. ಕರ್ಣದ ಮೊತ್ತ ಎಷ್ಟೇ ತಿರುಗಿಸಿದರೂ ಬದಲಾಗುವುದಿಲ್ಲ. ನಮ್ಮಲ್ಲಿ 2 + 3 + 4 = 9, ಐಗನ್‌ಮೌಲ್ಯಗಳ ಮೊತ್ತವೂ 9. ಮ್ಯಾಟ್ರಿಕ್ಸ್‌ನ ಒಂಬತ್ತೂ ಸಂಖ್ಯೆಗಳ ವರ್ಗಗಳ ಮೊತ್ತವೂ ಬದಲಾಗುವುದಿಲ್ಲ. ಆರಂಭದಲ್ಲಿ 4 + 9 + 16 ಮತ್ತು ನಾಲ್ಕು 1ಗಳು, ಒಟ್ಟು 33. ಕೊನೆಯಲ್ಲಿ 1.6077 + 9 + 22.3923, ಅದೂ 33. ಮೊದಲನೆಯ ತಾಳೆ ಮಾತ್ರ ನೋಡಿದರೆ ಸಾಲದು. ತಿರುವಿನ ಸೈನ್‌ನ ಚಿಹ್ನೆ ಒಂದು ಕಡೆ ತಪ್ಪಿದ್ದರೂ ಕೆಲವೊಮ್ಮೆ ಮೊತ್ತ ಸರಿಹೋದಂತೆ ಕಾಣಬಹುದು, ಎರಡನೆಯ ತಾಳೆ ಅದನ್ನು ಹಿಡಿಯುವ ಸಾಧ್ಯತೆ ಹೆಚ್ಚು. ಪ್ರತಿ ಹೆಜ್ಜೆಯ ನಂತರವೂ ಎರಡನ್ನೂ ಮುದ್ರಿಸಿ ನೋಡಿದರೆ ತಪ್ಪು ಎಲ್ಲಿ ನುಸುಳಿತು ಎಂಬುದು ಆ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತದೆ.

ಈ ವಿಧಾನಕ್ಕೆ ಒಂದು ಮಿತಿ ಇದೆ, ಅದು ನಿಖರತೆಯದ್ದು. ತಿರುವುಗಳು ಉದ್ದ ಬದಲಿಸುವುದಿಲ್ಲವಾದ್ದರಿಂದ ದುಂಡುಮಾಡುವ ತಪ್ಪುಗಳು ಬೆಳೆಯುವುದಿಲ್ಲ. ಆದರೆ ಆ ತಪ್ಪಿನ ಗಾತ್ರ ಮ್ಯಾಟ್ರಿಕ್ಸ್‌ನ ಅತಿ ದೊಡ್ಡ ಐಗನ್‌ಮೌಲ್ಯಕ್ಕೆ ತಕ್ಕಂತೆ ಇರುತ್ತದೆ, ಹುಡುಕುತ್ತಿರುವ ಐಗನ್‌ಮೌಲ್ಯಕ್ಕೆ ತಕ್ಕಂತೆ ಅಲ್ಲ. ಅತಿ ದೊಡ್ಡದು ಒಂದು ಲಕ್ಷ ಕೋಟಿ, ಅತಿ ಚಿಕ್ಕದು 1ರ ಆಸುಪಾಸು ಎನ್ನಿ. ಲಕ್ಷ ಕೋಟಿಯ ಹದಿನಾರನೇ ಅಂಕಿ ಸುಮಾರು 0.0002ರ ಜಾಗದಲ್ಲಿ ಬರುತ್ತದೆ. ದೊಡ್ಡದಕ್ಕೆ ಹದಿನಾರು ಅಂಕಿಯೂ ಸರಿ ಬಂದಾಗ, ಚಿಕ್ಕದಕ್ಕೆ ನಂಬಬಹುದಾದದ್ದು ಮೂರೋ ನಾಲ್ಕೋ ಅಂಕಿ. ಪರದೆಯ ಮೇಲೆ ಹದಿನಾರು ಅಂಕಿ ಮೂಡಿರುತ್ತವೆ, ಹಾಗಾಗಿ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ.

ಇಂಥ ಮ್ಯಾಟ್ರಿಕ್ಸ್‌ಗಳಲ್ಲಿ ಯಾವ ತುದಿಯಿಂದ ಕೆಲಸ ಶುರು ಮಾಡುತ್ತೇವೆ ಎಂಬುದೂ ಮುಖ್ಯ. ಚಿಕ್ಕ ಸಂಖ್ಯೆಗಳು ಕೆಳಮೂಲೆಯಲ್ಲಿದ್ದರೆ ಕ್ಯೂಆರ್ ಅವನ್ನು ದೊಡ್ಡವುಗಳೊಂದಿಗೆ ಹೆಚ್ಚು ಬೆರೆಸದೆ ಮೊದಲೇ ಎತ್ತಿಕೊಳ್ಳುತ್ತದೆ. ಚಿಕ್ಕವು ಮೇಲ್ಮೂಲೆಯಲ್ಲಿದ್ದರೆ ಇದೇ ವಿಧಾನವನ್ನು ತಲೆಕೆಳಗು ಮಾಡಿ ಮೇಲಿನಿಂದ ನಡೆಸುವುದು ಉತ್ತಮ, ಅದಕ್ಕೆ ಕ್ಯೂಎಲ್ ಎನ್ನುತ್ತಾರೆ. ಜಗತ್ತಿನ ಬಹುಪಾಲು ವೈಜ್ಞಾನಿಕ ಲೆಕ್ಕಗಳ ತಳದಲ್ಲಿರುವ ಲ್ಯಾಪ್ಯಾಕ್ ಸಂಗ್ರಹದ `dsteqr` ಎಂಬ ಪ್ರೋಗ್ರಾಮು ಎರಡೂ ತುದಿಗಳನ್ನು ಹೋಲಿಸಿ, ಚಿಕ್ಕದಿರುವ ಕಡೆಯಿಂದಲೇ ಶುರು ಮಾಡುತ್ತದೆ. ಅಷ್ಟು ಮಾಡಿಯೂ ಚಿಕ್ಕ ಐಗನ್‌ಮೌಲ್ಯದ ಪ್ರತಿ ಅಂಕಿಯೂ ಬೇಕೇ ಬೇಕು ಎನ್ನುವವರು, ಮ್ಯಾಟ್ರಿಕ್ಸ್‌ನ ಎಲ್ಲ ಐಗನ್‌ಮೌಲ್ಯಗಳೂ ಸೊನ್ನೆಗಿಂತ ದೊಡ್ಡವಾಗಿದ್ದರೆ, 1846ರಷ್ಟು ಹಳೆಯದಾದ ಯಾಕೋಬಿಯ ವಿಧಾನಕ್ಕೆ ಹೋಗುತ್ತಾರೆ. ಅದು ಕ್ಯೂಆರ್‌ಗಿಂತ ನಿಧಾನ. ಆದರೆ ಇಂಥ ಮ್ಯಾಟ್ರಿಕ್ಸ್‌ಗಳಲ್ಲಿ ಅದು ಹೆಚ್ಚು ನಿಖರ ಎಂದು ಜೇಮ್ಸ್ ಡೆಮೆಲ್ ಮತ್ತು ಕ್ರೆಶಿಮಿರ್ ವೆಸೆಲಿಚ್ 1992ರಲ್ಲಿ ತೋರಿಸಿದ್ದಾರೆ.